ಚಿಕ್ಕಪ್ಪನ ಅಪ್‌ಡೇಟು

ಜುಲೈ ಮಳೆಯಲ್ಲಿ, ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ಕೂತು ಫೋನಿಗೆ ಹೊಸ ಆಂಡ್ರಾಯ್ಡ್ ಹಾಕ್ತೀನಿ ಅನ್ನುವವರಿಗೆ ಗುಂಡಿಗೆ ಬೇಕು. ನಮ್ಮ ಚಿಕ್ಕಪ್ಪನಿಗೆ ಅದು ಇತ್ತು. ಇಲ್ಲದೇ ಇದ್ದದ್ದು ಜಾಗ. ಇನ್ನೂ ಮೂರು ಜಿಬಿ ಖಾಲಿ ಮಾಡಿ ಅಂತ ಫೋನು ಹಟ ಹಿಡಿಯಿತು.

ಚಿಕ್ಕಪ್ಪ ಗೂಗಲ್ ಫೋಟೋಸ್ ತೆರೆದು ವರ್ಷಗಟ್ಟಲೆ ಫೋಟೊಗಳನ್ನು ಒಟ್ಟಿಗೆ ಅಳಿಸಿದರು. ಮೊಮ್ಮಗಳ ನಾಮಕರಣ, ಕಾಫಿ ಕೊಟ್ಟಾಗಿನ ತೂಕದ ಚೀಟಿಗಳು, ಎಲ್ಲ.

"ಬ್ಯಾಕಪ್ ಆನ್ ಇದೆ ಮಾರಾಯ, ಎಲ್ಲ ಗೂಗಲ್‌ನಲ್ಲಿ ಇರ್ತದೆ. ಆದ್ರೆ ಇಷ್ಟು ಅಳಿಸಿದ್ರೂ ಜಾಗ ಯಾಕೆ ಆಗ್ಲಿಲ್ಲ?"

ಜಾಗ ಆಗದಿದ್ದದ್ದೇ ಪುಣ್ಯ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೂತಿತ್ತು. ಬುಟ್ಟಿ ಖಾಲಿ ಮಾಡುವ ಬಟನ್ ಮೇಲೆ ಅವರ ಹೆಬ್ಬೆರಳು ಆಗಲೇ ಹೋಗಿತ್ತು. ನಾನು ಫೋನ್ ಕಿತ್ತುಕೊಂಡೆ.

ಬ್ಯಾಕಪ್ ಆನ್ ಇತ್ತು, ನಿಜ. ಆದರೆ ವೈಫೈ ಸಿಕ್ಕಾಗ ಮಾತ್ರ ಕಳಿಸು ಅಂತ ಇತ್ತು. ತೋಟದಲ್ಲಿ ವೈಫೈ ಎಲ್ಲಿಂದ ಬರಬೇಕು? ಕಣದ ಮೂಲೆಯಲ್ಲಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕ್ ಬಂದರೆ ಹೆಚ್ಚು. ಆ್ಯಪ್‌ನ ಮೇಲಿನ ಮೂಲೆಯ ತಮ್ಮದೇ ಮುಖ ಒತ್ತಿ ನೋಡಿದ್ದರೆ, ವೈಫೈಗೆ ಕಾಯ್ತಾ ಇದ್ದೇನೆ ಅಂತ ಅದೇ ಹೇಳುತ್ತಿತ್ತು. ಇನ್ನೊಂದು ವಿಚಾರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಗೂಗಲ್‌ಗೆ ಹೋಗಿ ಸೇರಿದ ಫೋಟೊವನ್ನೂ ಆ ಆ್ಯಪ್‌ನಲ್ಲಿ ಅಳಿಸಿದರೆ ಅಲ್ಲಿಂದಲೂ ಹೋಗುತ್ತದೆ. ಬುಟ್ಟಿಯಲ್ಲಿ ಅಂಥವಕ್ಕೆ 60 ದಿನ ಆಯಸ್ಸು, ಬ್ಯಾಕಪ್ ಆಗದೇ ಇದ್ದವಕ್ಕೆ 30.

ಎಲ್ಲವನ್ನೂ ಬುಟ್ಟಿಯಿಂದ ವಾಪಸ್ ತೆಗೆದೆವು. ಭಾನುವಾರ ಪೇಟೆಯ ನೆಂಟರ ಮನೆಗೆ ಹೋಗಿ ಅವರ ವೈಫೈ ಹಿಡಿದೆವು. ಮೂರು ಲೋಟ ಕಾಫಿ ಮುಗಿಯುವ ಹೊತ್ತಿಗೆ ಫೋಟೊ ಏರಿದವು. ಹಾಗಂತ ನಂಬಿ ಬಿಡಲಿಲ್ಲ. ನೆಂಟರ ಲ್ಯಾಪ್‌ಟಾಪಿನಲ್ಲಿ photos.google.com ತೆರೆದು ನಾಮಕರಣವನ್ನು ಹುಡುಕಿದೆವು. ಸಿಕ್ಕಿತು. ಆಮೇಲೆ "Free up space" ಒತ್ತಿದೆವು. ಇದು ಬ್ಯಾಕಪ್ ಆದವನ್ನು ಫೋನಿಂದ ಮಾತ್ರ ತೆಗೆಯುತ್ತದೆ.

ವಾಟ್ಸಾಪ್ ಚಾಟುಗಳ ಲೆಕ್ಕ ಬೇರೆ, ಫೋಟೋಸ್ ಬ್ಯಾಕಪ್‌ನಲ್ಲಿ ಅವು ಬರುವುದಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಕೊನೇ ಬ್ಯಾಕಪ್ ಶಿವರಾತ್ರಿ ಟೈಮಿನದು. ಅದನ್ನೂ ಅಲ್ಲೇ ಮಾಡಿದೆವು. ಐದು ಎಂಬಿ ಮೀರಿದ ಫೈಲುಗಳ ಪಟ್ಟಿ ತೆಗೆದರೆ ಪೂರ್ತಿ ಶುಭೋದಯದ ವಿಡಿಯೊ. ಒಂದನ್ನು ಅಳಿಸಲು ಮಾತ್ರ ಚಿಕ್ಕಪ್ಪ ಒಪ್ಪಲಿಲ್ಲ. ಆನೆ ಇತ್ತಂತೆ.

ಅಪ್‌ಡೇಟನ್ನೂ ಅಲ್ಲೇ ಇಳಿಸಿಕೊಂಡೆವು. ಆದರೆ ಇನ್‌ಸ್ಟಾಲ್ ಮನೆಯಲ್ಲೇ ಆಗಬೇಕು ಅಂತ ಅವರ ಹಟ. ಮನೆಗೆ ಬಂದರೆ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದು ಕರೆಂಟಿಲ್ಲ. ಬ್ಯಾಟರಿ 22. ತೀರಾ ಕಡಿಮೆ ಚಾರ್ಜಿಗೆ ಇನ್‌ಸ್ಟಾಲ್ ಶುರುವೇ ಆಗಲ್ಲ ಅಂತ ಫೋನೇ ಬೋರ್ಡು ಹಾಕಿತು. ಇನ್ವರ್ಟರ್ ಚಿಕ್ಕಮ್ಮನ ಧಾರಾವಾಹಿಗೆ ಮೀಸಲು. ಕೊನೆಗೆ ಜೀಪು ಸ್ಟಾರ್ಟ್ ಮಾಡಿ, ಅದರ ಚಾರ್ಜರಿಗೆ ಸಿಕ್ಕಿಸಿ, ಎಂಬತ್ತು ದಾಟುವ ತನಕ ಶೆಡ್ಡಿನಲ್ಲೇ ಕೂತೆವು.

ರಾತ್ರಿ ಫೋನು ಹೊಸದಾಗಿ ಎದ್ದಿತು. ಚಿಕ್ಕಪ್ಪ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಗಡಿಯಾರ ದಪ್ಪ ಆಗಿದೆ ಅಲ್ವಾ?" ಅಂದರು. "ಹಳೇದೇ ಚೆನ್ನಾಗಿತ್ತು. ವಾಪಸ್ ಹಾಕು."