ಮಾತು ನನ್ನ ಬಳಿಗೆ ಮರಳುತ್ತದೆಯೇ?

ಮೊದಲ ಡೇಟ್‌ನಲ್ಲಿ ಎದುರಿಗಿರುವವರು ತಮ್ಮ ಬಗ್ಗೆಯೇ ಮಾತನಾಡುತ್ತಿದ್ದರೆ ಅದನ್ನು ಕೂಡಲೇ ಸ್ವಾರ್ಥವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅಳುಕಿನಲ್ಲಿರುವವರು ಮೌನಕ್ಕೆ ಹೆದರಿ, ತಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು, ಅಂದರೆ ತಮ್ಮ ಬದುಕನ್ನೇ, ಹಿಡಿದುಕೊಳ್ಳುತ್ತಾರೆ. ಜೊತೆಗೆ, ಸೌಜನ್ಯದಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ನಾವೇ ಆ ಮಾತಿಗೆ ನೀರೆರೆಯುತ್ತಿರುತ್ತೇವೆ.

ಕಳೆದ ವರ್ಷ ನಾನು ಭೇಟಿಯಾದವರೊಬ್ಬರು ಸುಮಾರು ನಲವತ್ತು ನಿಮಿಷ ತಮ್ಮ ಕೆಲಸ ಬದಲಾದ ಕಥೆಯನ್ನು ಹೇಳಿದರು. ಅಷ್ಟೂ ಹೊತ್ತು ‘ಆಮೇಲೆ?’, ‘ಯಾಕೆ ಬಿಟ್ಟಿರಿ?’ ಎಂದು ಕೇಳಿದವಳು ನಾನೇ. ಅದು ಅರಿವಾದಾಗ ಪ್ರಶ್ನೆಗಳನ್ನು ನಿಲ್ಲಿಸಿ, ಅವರ ಮಾತಿಗೇ ಹೊಂದುವ ನನ್ನದೊಂದು ಸಂಗತಿಯನ್ನು ಮುಂದಿಟ್ಟೆ: “ನಾನೂ ಕೆಲಸ ಬಿಡುವ ಯೋಚನೆಯಲ್ಲಿದ್ದೇನೆ, ಅಪ್ಪನ ಶಸ್ತ್ರಚಿಕಿತ್ಸೆಯ ನಂತರ ರಾತ್ರಿ ನಿದ್ದೆಯೇ ಇಲ್ಲ.” ಅವರು, “ನಿದ್ದೆಯೇ? ನನಗಂತೂ ಎರಡು ವರ್ಷ ಇರಲಿಲ್ಲ” ಎಂದು ಮತ್ತೆ ತಮ್ಮ ಕಥೆಗೆ ಮರಳಿದರು.

ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ ಸಂಭಾಷಣೆಯಲ್ಲಿ ಎರಡು ಬಗೆಯ ಉತ್ತರಗಳನ್ನು ಗುರುತಿಸಿದ್ದಾರೆ: ಒಂದು, ಮಾತನ್ನು ಆಡಿದವರ ಬಳಿಯೇ ಉಳಿಸುವಂಥದ್ದು, ಇನ್ನೊಂದು, ಅದನ್ನು ತನ್ನತ್ತ ತಿರುಗಿಸಿಕೊಳ್ಳುವಂಥದ್ದು. ನನಗೆ ಸಿಕ್ಕಿದ್ದು ಎರಡನೆಯದು. ಆದರೂ ಒಂದೇ ಉತ್ತರದಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ‘ನನಗೂ ಹಾಗೇ ಆಗಿತ್ತು’ ಎನ್ನುವುದು ಅನೇಕರಿಗೆ ಅನುಕಂಪವನ್ನು ತೋರುವ ರೀತಿ. ಅಂಥವರು ತಮ್ಮ ಅನುಭವವನ್ನು ಎರಡು ವಾಕ್ಯಗಳಲ್ಲಿ ಹೇಳಿ, “ಈಗ ಅಪ್ಪ ಹೇಗಿದ್ದಾರೆ?” ಎಂದು ನಮ್ಮ ಬಳಿಗೆ ಹಿಂದಿರುಗುತ್ತಾರೆ. ನಾನು ಕಾಯುವುದು ಈ ಹಿಂದಿರುಗುವಿಕೆಗಾಗಿ.

ಅದು ಬರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಸಂಗತಿಯನ್ನು ಹೇಳಿದೆ, ಅದೂ ಅವರ ಕಥೆಯೊಳಗೆ ಕರಗಿಹೋಯಿತು. ಆಗ ಸುಳಿವುಗಳನ್ನು ಬಿಟ್ಟು ನೇರವಾಗಿ, ಆದರೆ ಮೃದುವಾಗಿ, “ನಿಮ್ಮ ವಿಷಯ ಸಾಕಷ್ಟು ತಿಳಿಯಿತು, ನನ್ನದನ್ನೂ ಸ್ವಲ್ಪ ಹೇಳಲೇ?” ಎಂದು ಕೇಳಿದೆ. ಕೇವಲ ಅಳುಕಿನಿಂದ ಮಾತನಾಡುತ್ತಿದ್ದವರು ಇಲ್ಲಿ ನಾಚಿಕೊಂಡು ನಿಲ್ಲುತ್ತಾರೆ, ಕೆಲವರಿಗೆ ಸಮಾಧಾನವೂ ಆಗುತ್ತದೆ. ಹಾಗೆ ನಿಂತವರೊಬ್ಬರು ಇಂದು ನನ್ನ ಆಪ್ತ ಗೆಳೆಯರಾಗಿದ್ದಾರೆ, ಆದ್ದರಿಂದ ಈ ಹೆಜ್ಜೆಯನ್ನು ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಇವರು ಮಾತ್ರ “ಖಂಡಿತ ಹೇಳಿ” ಎಂದು, ನಾನು ಮೂರನೆಯ ವಾಕ್ಯ ಮುಗಿಸುವ ಮೊದಲೇ ತಮ್ಮ ತಂದೆಯ ಕಾಯಿಲೆಯನ್ನು ವಿವರಿಸತೊಡಗಿದರು.

ಕೇಳಿಕೊಂಡ ಮೇಲೂ ಜಾಗ ಸಿಗದಿದ್ದರೆ ಮಾತನ್ನು ತಿರುಗಿಸುವ ಹೊಣೆ ನನ್ನದಲ್ಲ. ಪ್ರತಿ ಭೇಟಿಯಲ್ಲೂ ಆ ಹೊಣೆಯನ್ನು ಹೊರಬೇಕಾದ ಸಂಬಂಧ ನನಗೆ ಬೇಡ. ಜಗಳವಾಡುವ, ತಪ್ಪು ಎತ್ತಿತೋರಿಸುವ ಅಗತ್ಯವೂ ಕಾಣಲಿಲ್ಲ. ಅವರ ಕಥೆ ಒಂದು ನಿಲುಗಡೆಗೆ ಬಂದಾಗ ಹೊರಡುತ್ತೇನೆಂದು ಎದ್ದೆ. ಮರುದಿನ ಅವರು ಮತ್ತೆ ಭೇಟಿಯಾಗೋಣವೆಂದು ಸಂದೇಶ ಕಳುಹಿಸಿದಾಗ ಹೀಗೆ ಬರೆದೆ: “ನಿಮ್ಮ ಬಗ್ಗೆ ತಿಳಿದು ಸಂತೋಷವಾಯಿತು. ನನ್ನ ಮಾತಿಗೆ ನಮ್ಮ ನಡುವೆ ಜಾಗ ಸಿಗಲಿಲ್ಲವೆಂದು ನನಗನ್ನಿಸಿತು, ಹಾಗಾಗಿ ಮುಂದುವರಿಸಲಾರೆ.”