ಕಂಪನಿ ಕೆಲಸದ ಮೇಲೆ ಟೂರಿಗೆ ಹೋದವರಿಗೆ ಖರ್ಚನ್ನು ಬಿಲ್ ಪ್ರಕಾರ ಕೊಡಬೇಕೋ, ದಿನಕ್ಕಿಷ್ಟು ಅಂತ ಕೊಡಬೇಕೋ?

ಪರ: ದಿನಕ್ಕಿಷ್ಟು ಅಂತ ಕೊಟ್ಟುಬಿಡಿ, ಬಿಲ್ ಕೇಳಬೇಡಿ
(ಪುಣೆಯ ಭೋಸರಿಯಿಂದ, ಪ್ಯಾಕಿಂಗ್ ಮೆಷಿನ್ ಸರ್ವಿಸ್ ಎಂಜಿನಿಯರ್)

ಬಿಲ್ ಕೇಳುವವರು ಯಾರೂ ಬೆಳಗಿನ ಜಾವ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಟೂಲ್ ಬ್ಯಾಗ್ ಹೊತ್ತು ಇಳಿದವರಲ್ಲ. ಇಳಿದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ನಮ್ಮ ಸಾಮಾನ್ಯ ಟೂರ್ ಒಂದನ್ನು ತಗೊಳ್ಳಿ. ಸೋಮವಾರ ರಾತ್ರಿ ಸ್ವಾರಗೇಟ್‌ನಿಂದ ಎಸ್‌ಟಿ ಬಸ್. ಮಂಗಳವಾರ ಕೊಲ್ಹಾಪುರದ ಗೋಕುಳ ಶಿರಗಾಂವ್ ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಕೆಲಸ. ಬುಧವಾರ ಬಸ್ಸಿನಲ್ಲಿ ಗೋವಾ, ಗುರುವಾರ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇನ್ನೊಂದು ಮೆಷಿನ್, ಅವತ್ತೇ ರಾತ್ರಿ ವಾಪಸ್. ಬಸ್ ಟಿಕೆಟ್ ಕಂಡಕ್ಟರ್ ಕೊಡುತ್ತಾನೆ, ಲಾಡ್ಜ್‌ನವನು ಬಿಲ್ ಕೊಡುತ್ತಾನೆ. ಅದರ ಬಗ್ಗೆ ಜಗಳ ಇಲ್ಲ. ಉಳಿದದ್ದು ನೋಡಿ. ಭೋಸರಿಯಿಂದ ಸ್ವಾರಗೇಟ್‌ಗೆ ಶೇರ್ ರಿಕ್ಷಾ ಬದಲಿಸಿಕೊಂಡು 120 ರೂಪಾಯಿ. ಕೊಲ್ಹಾಪುರದಲ್ಲಿ ಮುಖ ತೊಳೆದು ಸ್ನಾನ ಮಾಡೋದಕ್ಕೆ ಸ್ಟ್ಯಾಂಡ್ ಪಕ್ಕದ ಲಾಡ್ಜ್‌ನವನಿಗೆ 100. ಸ್ಟ್ಯಾಂಡಿನಿಂದ ರಿಕ್ಷಾ 60. ಎಂಐಡಿಸಿಗೆ ಹೋಗಿ ಬರಲು ವಡಾಪ್, ಅಂದರೆ ತುಂಬಿದ ಮೇಲೆ ಹೊರಡೋ ಜೀಪು, 40. ಗೋವಾದಲ್ಲಿ ಬಸ್ ಇಳಿದ ಮೇಲೆ ಪೈಲಟ್, ಹಳದಿ ಮಡ್‌ಗಾರ್ಡಿನ ಬೈಕ್ ಟ್ಯಾಕ್ಸಿ, 150. ಆಪರೇಟರ್ ಹುಡುಗರ ಜೊತೆ ಚಹಾ 70. ಒಟ್ಟು 540. ಇದರಲ್ಲಿ ಒಂದು ರೂಪಾಯಿಗೂ ರಸೀದಿ ಇಲ್ಲ. ಪೈಲಟ್‌ನ ಹತ್ತಿರ ರಸೀದಿ ಕೇಳಿ ನೋಡಿ, ನಗುತ್ತಾನೆ.

ಬಿಲ್ ಇದ್ದರೆ ಮಾತ್ರ ದುಡ್ಡು ಅನ್ನೋ ಕಂಪನಿಯಲ್ಲಿ ಈ 540 ಯಾರ ಜೇಬಿನಿಂದ ಹೋಗುತ್ತದೆ? ನಮ್ಮ ಜೇಬಿನಿಂದ. ಒಂದು ಟೂರಿಗೆ ಇಷ್ಟು, ಅಂಥವು ತಿಂಗಳಲ್ಲಿ ಎಷ್ಟು ಬರುತ್ತವೋ ಅಷ್ಟು.

ಆಮೇಲೆ ಏನಾಗುತ್ತದೆ ಅಂದರೆ, ಪ್ರಾಮಾಣಿಕನೂ ಕಳ್ಳನಾಗುತ್ತಾನೆ. ಲಾಡ್ಜ್ ಖಾಲಿ ಮಾಡುವಾಗ ಕೌಂಟರಿನವನು ಪೆನ್ನು ಹಿಡಿದುಕೊಂಡು ತಲೆ ಎತ್ತದೆ ಕೇಳುವ ಮೊದಲ ಪ್ರಶ್ನೆಯೇ 'ಎಷ್ಟಕ್ಕೆ ಬರೀಲಿ ಸಾಹೇಬ್ರೇ?' ಅವನಿಗೆ ಗೊತ್ತು, ನಮ್ಮಂಥವರನ್ನು ದಿನಾ ನೋಡುತ್ತಾನೆ. 900ರ ರೂಮಿಗೆ 1,200 ಬರೆಸಿಕೊಂಡರೆ ರಿಕ್ಷಾ, ವಡಾಪ್, ಪೈಲಟ್ ಎಲ್ಲ ಅಲ್ಲಿಗೆ ಸರಿಹೋಗುತ್ತದೆ. ಬರೆಸದೆ ಇದ್ದರೆ ಸ್ವಂತ ದುಡ್ಡು ಹೋಗುತ್ತದೆ. ಪೆಟ್ರೋಲ್ ಪಂಪಿನಲ್ಲೂ ಅಷ್ಟೇ, ಬೇರೆಯವರು ಬಿಟ್ಟುಹೋದ ಬಿಲ್ಲುಗಳನ್ನು ಹುಡುಗ ಕೈಗೆ ಕೊಡುತ್ತಾನೆ. ಕಂಪನಿಯ ಕೈಗೆ ಕೊನೆಗೆ ಬರೋದು ಬಿಲ್ಲು, ಸತ್ಯ ಅಲ್ಲ. ಕಂಪನಿಗೂ ಇದು ಗೊತ್ತಿದೆ, ಆದರೂ ಫೈಲಿನಲ್ಲಿ ಕಾಗದ ಇರಬೇಕು ಅಷ್ಟೇ.

ಕಾಗದದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗಿನ ಬಿಲ್ಲುಗಳು ಥರ್ಮಲ್ ಪೇಪರಿನವು. ಗೋವಾ ಬಿಸಿಲಿನಲ್ಲಿ ಬೆವರು ತಾಗಿದ ಪರ್ಸಿನಲ್ಲಿ ಇಟ್ಟುಕೊಂಡು ತಿರುಗಿದರೆ ತಿಂಗಳ ಕೊನೆಗೆ ಕ್ಲೇಮ್ ಹಾಕೋ ಹೊತ್ತಿಗೆ ಖಾಲಿ ಹಾಳೆ. ಅಕೌಂಟ್ಸ್‌ನವರು ಬೆಳಕಿಗೆ ಹಿಡಿದು ನೋಡಿ 'ಓದಕ್ಕೆ ಆಗಲ್ಲ' ಅಂತ ಪಕ್ಕಕ್ಕಿಡುತ್ತಾರೆ.

ಓದಕ್ಕೆ ಆದದ್ದಕ್ಕೂ ನೆಮ್ಮದಿ ಇಲ್ಲ. ಹಿಂದಿನ ಕಂಪನಿಯಲ್ಲಿ ನನ್ನ ಒಂದು ಊಟದ ಬಿಲ್ ಉತ್ತರದ ಹೆಡ್ ಆಫೀಸಿನಿಂದ ವಾಪಸ್ ಬಂತು. ಮಡಗಾಂವ್‌ನ ಖಾನಾವಳಿಯ ಬಿಲ್. ಮೀನಿನ ಥಾಲಿ, ಜೊತೆಗೆ ಎರಡು ಸೋಲ್‌ಕಡಿ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದರು, 'ಡ್ರಿಂಕ್ಸ್‌ಗೆ ಅವಕಾಶ ಇಲ್ಲ'. ಕೋಕಂ ಮತ್ತು ತೆಂಗಿನ ಹಾಲು ಸ್ವಾಮಿ ಅದು! ಮೇಲ್ ಬರೆದೆ. ಉತ್ತರ ಬಂತು, 'ಹಾಗಿದ್ದರೆ ಎರಡು ಯಾಕೆ?' ಗೋವಾದ ಸೆಖೆಯಲ್ಲಿ ಎಂಟು ಗಂಟೆ ಪ್ಯಾಕೆಟ್ ಅಂಟಿಸೋ ಸೀಲಿಂಗ್ ಜಾ ಮುಂದೆ ಕೂತು ಬಂದವನಿಗೆ ಎರಡು ಸೋಲ್‌ಕಡಿ ಯಾಕೆ ಅಂತ ನಾನು ಮ್ಯಾನೇಜರ್ ಸಹಿ ಹಾಕಿಸಿ ಬರೆದುಕೊಡಬೇಕಾಯಿತು. ನಾನು ಬರೆದುಕೊಟ್ಟೆ. ಹೋಗಿದ್ದು 60 ರೂಪಾಯಿ, ಅದು ಬಂದದ್ದು ಮೂರನೇ ತಿಂಗಳಿಗೆ. ಆ ಮೇಲ್‌ಗಳನ್ನು ಓದಿದ, ಬರೆದ ಜನರ ಸಂಬಳ ಲೆಕ್ಕ ಹಾಕಿದರೆ ಕಂಪನಿ ನನಗೆ ಒಂದು ಡ್ರಮ್ ಸೋಲ್‌ಕಡಿ ಕುಡಿಸಬಹುದಿತ್ತು.

ಸರ್ಕಾರಕ್ಕೇ ಇದು ಅರ್ಥವಾಗಿದೆ. ಆರನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರ ಟೂರಿನ ಊಟಕ್ಕೆ ಬಿಲ್ ಕೇಳುತ್ತಿತ್ತು. ಏಳನೇ ಆಯೋಗದ ನಂತರ, 2017ರ ಜುಲೈ 1ರಿಂದ, ಊಟದ ಬಿಲ್ ಬೇಡವೇ ಬೇಡ ಅಂತ ಬಿಟ್ಟರು. ಸಂಬಳದ ಲೆವೆಲ್ 5 ಮತ್ತು ಅದಕ್ಕಿಂತ ಕೆಳಗಿನವರಿಗೆ ಆಗ ದಿನಕ್ಕೆ 500, ಲೆವೆಲ್ 6ರಿಂದ 8ರವರಿಗೆ 800 ಅಂತ ಗೊತ್ತು ಮಾಡಿದರು. ಕೇಂದ್ರ ಸ್ಥಾನದಿಂದ ಆರು ಗಂಟೆಗಿಂತ ಕಡಿಮೆ ಹೊರಗಿದ್ದರೆ ಅದರ ಶೇ. 30, ಆರರಿಂದ ಹನ್ನೆರಡು ಗಂಟೆಗೆ ಶೇ. 70, ಅದಕ್ಕಿಂತ ಜಾಸ್ತಿಗೆ ಪೂರ್ತಿ. ಎಷ್ಟು ಸರಳ ನೋಡಿ! ಹೊರಟದ್ದು ಯಾವಾಗ, ಬಂದದ್ದು ಯಾವಾಗ, ಇಷ್ಟು ಗೊತ್ತಿದ್ದರೆ ಸಾಕು. ಸರ್ಕಾರ ನಂಬಿದೆ, ನಮ್ಮ ಸಾಹುಕಾರರು ನಂಬಲ್ಲ.

ಡಿಸೆಂಬರಿನಲ್ಲಿ ಗೋವಾದಲ್ಲಿ ರೂಮ್ ದುಬಾರಿ, ಆಗೇನು ಮಾಡುತ್ತೀರಿ ಅಂತ ಎದುರಿನವರು ಕೇಳುತ್ತಾರೆ, ಕೇಳೇ ಕೇಳುತ್ತಾರೆ. ಡಿಸೆಂಬರಿನಲ್ಲಿ ಗೋವಾಕ್ಕೆ ಟೂರ್ ಹಾಕಿಕೊಳ್ಳೋದು ಮ್ಯಾನೇಜರುಗಳು, ರಿವ್ಯೂ ಮೀಟಿಂಗ್ ಹೆಸರಿನಲ್ಲಿ. ಅವರ ಬಿಲ್ ಯಾರೂ ಬೆಳಕಿಗೆ ಹಿಡಿದು ನೋಡಲ್ಲ.

ಒಬ್ಬ ಸರ್ವಿಸ್ ಹುಡುಗ ಭತ್ಯೆಯಲ್ಲಿ ಇನ್ನೂರು ಉಳಿಸಿದ ಅಂದರೆ ಅವನು ಏಸಿ ಬಿಟ್ಟು ನಾನ್ ಏಸಿ ರೂಮಿನಲ್ಲಿ ಮಲಗಿ, ಹೋಟೆಲ್ ಬಿಟ್ಟು ಗಾಡಿಯಲ್ಲಿ ಮಿಸಳ್ ತಿಂದು ಉಳಿಸಿದ್ದಾನೆ. ಅದು ಅವನ ದುಡ್ಡು. ಅಡ್ವಾನ್ಸ್ ಆಗಿ ಕೊಟ್ಟುಬಿಡಿ, ಹೊರಡೋ ದಿನವೇ ಕೊಡಿ, ತಿರುಗಿ ಬಂದ ಮೇಲೆ ಮೆಷಿನ್ ಓಡುತ್ತಿದೆಯಾ ಅಂತ ಮಾತ್ರ ಕೇಳಿ.

ವಿರೋಧ: ಬಿಲ್ ಇರಲಿ
(ಡೊಂಬಿವಲಿಯಿಂದ, ಮುಂಬೈ ಕಂಪನಿಯೊಂದರ ಅಕೌಂಟ್ಸ್ ವಿಭಾಗದವರು)

ನನಗೆ ಈ ಕಡೆ ಕೊಟ್ಟಿದ್ದಾರೆ, ಹಾಗಾಗಿ ಈ ಕಡೆಯದ್ದು ಬರೆಯುತ್ತೇನೆ. ಅಕೌಂಟ್ಸ್‌ನವಳು ಅಂದ ಮೇಲೆ ಬೇರೆ ಕಡೆ ಕೊಡುವುದಾದರೂ ಹೇಗೆ, ಅಲ್ವಾ?

ರಿಕ್ಷಾ, ವಡಾಪ್‌ಗೆ ರಸೀದಿ ಇಲ್ಲ ಅನ್ನೋದು ದೊಡ್ಡ ವಿಷಯವೇ ಅಲ್ಲ. ಕೈಯಲ್ಲಿ ಬರೆದ ವೋಚರ್ ಕೊಟ್ಟರೆ ಮುಗಿಯಿತು. ಸುಳ್ಳು ಬಿಲ್ ಅಂತೀರಾ, ಅದು ನಮಗೆ ಕಾಣಲ್ಲ ಅಂದುಕೊಳ್ಳಬೇಡಿ. ಸೋಮವಾರದ ಲಾಡ್ಜ್ ಬಿಲ್ಲಿನ ನಂಬರು 412, ಹದಿನೈದು ದಿನ ಬಿಟ್ಟು ಅದೇ ಲಾಡ್ಜಿನದ್ದು 413, ಎರಡರಲ್ಲೂ ಅದೇ ಪೆನ್ನು, ಅದೇ ಅಕ್ಷರ. ಈ ಮಧ್ಯೆ ಆ ಲಾಡ್ಜಿಗೆ ಇನ್ಯಾವ ಗಿರಾಕಿಯೂ ಬರಲೇ ಇಲ್ಲವೇ? ಬಿಲ್ ಇದೆ ಅಂತಲೇ ಅದು ಸಿಕ್ಕಿಬಿದ್ದದ್ದು.

ಬಿಲ್ಲಿನಿಂದ ಜಿಎಸ್‌ಟಿ ವಾಪಸ್ ಸಿಗುತ್ತದೆ ಅನ್ನೋ ವಾದ ಹೂಡೋಣ ಅಂದುಕೊಂಡಿದ್ದೆ. ಆದರೆ ಗೋವಾದ ಹೋಟೆಲ್ ಅಲ್ಲಿನ ಜಿಎಸ್‌ಟಿ ಹಾಕುತ್ತದೆ, ಬರೀ ಮಹಾರಾಷ್ಟ್ರದ ನೋಂದಣಿ ಇರುವ ನಮಗೆ ಅದು ಸಿಗಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ ತೆರಿಗೆ ಶೇ. 5ಕ್ಕೆ ಇಳಿದು, ಕಟ್ಟಿದ ಜಿಎಸ್‌ಟಿ ವಾಪಸ್ ಪಡೆಯೋ ಆ ಕ್ರೆಡಿಟ್ಟೇ ಇಲ್ಲದಂತಾಗಿದೆ. ಆ ವಾದ ಬಿಡೋಣ. ಆದಾಯ ತೆರಿಗೆಯದ್ದು ಮಾತ್ರ ನಿಜ. ಟೂರಿನ ದಿನಭತ್ಯೆಗೆ ವಿನಾಯಿತಿ ಇರುವುದು ಅದಕ್ಕೆಂದು ನಿಜವಾಗಿ ಖರ್ಚಾದಷ್ಟಕ್ಕೆ. ಉಳಿಸಿಕೊಂಡದ್ದು 'ಅವನ ದುಡ್ಡು' ಅಂತ ಹೇಳುವವರು ಅದನ್ನು ಸಂಬಳದ ಜೊತೆ ತೋರಿಸಿ ತೆರಿಗೆ ಕಟ್ಟುತ್ತಾರಾ? ಉಳಿಸಿದ ಭತ್ಯೆಯಲ್ಲಿ ಊರಿಗೆ ಫ್ರಿಜ್ ಕಳಿಸಿದವರನ್ನು ನಾನು ನೋಡಿದ್ದೇನೆ.

ನನ್ನ ಮುಖ್ಯ ಮಾತು ಬೇರೆ. ದಿನಕ್ಕಿಷ್ಟು ಅಂತ ಒಮ್ಮೆ ಗೊತ್ತು ಮಾಡಿದರೆ ಅದು ಅಲ್ಲೇ ನಿಂತುಬಿಡುತ್ತದೆ. ಯಾಕೆಂದರೆ ರೂಮಿನ ರೇಟು ಏರಿದೆ ಅಂತ ಆಫೀಸಿಗೆ ಗೊತ್ತಾಗೋ ದಾರಿಯೇ ಇರಲ್ಲ. ಬಿಲ್ ಬರುತ್ತಿದ್ದರೆ ಗೊತ್ತಾಗುತ್ತದೆ. ನಮ್ಮಲ್ಲೂ ಕೆಲವು ವರ್ಷ ಲಾಡ್ಜಿಗೆ ದಿನಕ್ಕೆ 1,200 ಅಂತ ಕಣ್ಣುಮುಚ್ಚಿ ಕೊಡುತ್ತಿದ್ದೆವು, ನಾಸಿಕ್ ಆಗಲಿ ಗೋವಾ ಆಗಲಿ. ಒಬ್ಬ ಹುಡುಗನನ್ನು ಡಿಸೆಂಬರ್ ಕೊನೆಯ ವಾರದಲ್ಲಿ ವೆರ್ಣಾಕ್ಕೆ ಕಳಿಸಿದರು. ಮೀಟಿಂಗಿಗೆ ಅಲ್ಲ, ನಿಂತುಹೋದ ಮೆಷಿನ್ನಿಗೆ. ಪಣಜಿ, ಮಡಗಾಂವ್, ವಾಸ್ಕೋ ಎಲ್ಲ ತಿರುಗಿದ, 3,500ಕ್ಕಿಂತ ಕಡಿಮೆಗೆ ರೂಮಿಲ್ಲ. ಅವನು ಏನು ಮಾಡಿದ ಗೊತ್ತಾ? ಕೊಂಕಣ ರೈಲು ಹಿಡಿದು ಗೋವಾ ಗಡಿ ದಾಟಿ ಸಾವಂತವಾಡಿಗೆ ಹೋಗಿ ಮಲಗಿದ. ಬೆಳಿಗ್ಗೆ ಎದ್ದು ಮತ್ತೆ ಮಡಗಾಂವ್. ರೈಲು ತಡವಾದ ದಿನ ಫ್ಯಾಕ್ಟರಿ ತಲುಪಿದ್ದು ಮಧ್ಯಾಹ್ನ, ಅಲ್ಲಿನ ಪ್ಲಾಂಟ್ ಮ್ಯಾನೇಜರ್ ನಮ್ಮ ಎಂಡಿಗೇ ಫೋನ್ ಮಾಡಿದರು. ಹುಡುಗನಿಗೆ ಮೆಮೋ ಹೋಯಿತು. ಮೂರು ದಿನ ಆದ ಮೇಲೆ ಅವನು ಕ್ಲೇಮ್ ತಂದಾಗ ರೈಲು ಟಿಕೆಟ್‌ಗಳು ನೋಡಿ ನಾನು ಕೇಳಿದೆ, 'ಇದೇನಪ್ಪಾ, ಕೆಲಸ ವೆರ್ಣಾದಲ್ಲಿ, ಟಿಕೆಟ್ ಸಾವಂತವಾಡಿದು?' ಆಗ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ 'ಮೇಡಂ, ಫಿಕ್ಸ್ ಅಂತ ಹೇಳಿದ್ರಲ್ಲ' ಅಂದ. ಮೆಮೋ ವಾಪಸ್ ತಗೊಳ್ಳೋಕೆ ನಾನು ಎಚ್‌ಆರ್ ಹತ್ತಿರ ಎಷ್ಟು ಸಲ ಹೋದೆನೋ.

ಹೆಣ್ಣುಮಕ್ಕಳು ಸರ್ವಿಸ್‌ಗೆ, ಮಾರ್ಕೆಟಿಂಗ್‌ಗೆ ಬರುತ್ತಿದ್ದಾರೆ. ಸ್ಟ್ಯಾಂಡ್ ಪಕ್ಕದ 900ರ ಲಾಡ್ಜಿನಲ್ಲಿ ಅವರು ಇರೋದಕ್ಕಾಗಲ್ಲ. ಅವರಿಗೂ ಅದೇ 1,200 ಅಂದರೆ ವ್ಯತ್ಯಾಸ ಅವರ ಜೇಬಿನಿಂದಲೇ. ಪುಣೆಯವರು ಜೇಬಿನ ಮಾತು ಅಷ್ಟು ಸಲ ಎತ್ತಿದರು, ಇದನ್ನು ಮಾತ್ರ ಎತ್ತಲಿಲ್ಲ. ಅವರು ಹೊಗಳಿದ ಸರ್ಕಾರವೂ ಬಿಲ್ ಬಿಟ್ಟಿರೋದು ಊಟಕ್ಕೆ. ಹೋಟೆಲ್ ರೂಮಿಗೆ ಇಂದಿಗೂ ಲೆವೆಲ್ ಪ್ರಕಾರ ಮಿತಿ ಇಟ್ಟು, ಅದರೊಳಗೆ ಖರ್ಚಾದಷ್ಟೇ ಕೊಡುತ್ತದೆ. ಕೆಳಗಿನ ಲೆವೆಲ್‌ಗಳಿಗೆ ವೋಚರ್ ಬದಲು ಸ್ವಂತ ಸಹಿ ಸಾಕು ಅನ್ನೋದು ಬೇರೆ ಮಾತು, ಅದು ನನ್ನ ವಾದಕ್ಕೆ ಅನುಕೂಲ ಇಲ್ಲ.

ಆ ಸಾವಂತವಾಡಿ ಕ್ಲೇಮ್ ಆದ ಮೇಲೆ ನಮ್ಮ ಚಾರ್ಟಿನಲ್ಲಿ ಗೋವಾಕ್ಕೆ ಬೇರೆ ಸಾಲು ಬಂದಿದೆ. ಡಿಸೆಂಬರ್ 15ರಿಂದ ಜನವರಿ 5ರವರೆಗೆ ರೂಮಿಗೆ ಬಿಲ್ ಪ್ರಕಾರ, ಹೊರಡುವ ಮುಂಚೆ ಒಂದು ಫೋನ್ ಮಾಡಿ ರೇಟು ಹೇಳಬೇಕು ಅಷ್ಟೇ. ಊಟದ ಬಿಲ್ ಕೇಳೋದನ್ನು ನಾವೂ ನಿಲ್ಲಿಸಿದ್ದೇವೆ, ಇದನ್ನು ಇಲ್ಲಿ ಬರೆಯಬಾರದಿತ್ತೇನೋ.