ದುಡ್ಡು ಹೋಯ್ತು, ರಸೀದಿ ಬರಲಿಲ್ಲ

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಸರ್ಕಾರಿ ಶಾಲೆಗೆ ಫೀಸೇ ಇಲ್ಲ. ಶಾಲೆಯ ಆ್ಯಪ್‌ನಲ್ಲಿ ಕಟ್ಟುವುದು ಊಟದ ದುಡ್ಡು, ಟ್ರಿಪ್ಪಿನ ದುಡ್ಡು, ಅಂಥವೇ. ಕಾರ್ಡ್ ಬಳಸಿದರೆ ಆಯ್ತೋ ಇಲ್ಲವೋ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿಯವರ ಯೂಸರ್ ಸ್ಟೋರಿಯಲ್ಲಿ, ಅಂದರೆ ಆ್ಯಪ್ ಏನು ಮಾಡಬೇಕು ಅಂತ ಬಳಸುವವರ ಮಾತಿನಲ್ಲೇ ಬರೆದಿಡುವ ಟಿಪ್ಪಣಿಯಲ್ಲಿ, ಎರಡೇ ದಾರಿ: ಪೇಮೆಂಟ್ ಆಯಿತು, ಆಗಲಿಲ್ಲ. ಅದೇ ನಮೂನೆಯನ್ನು ಬೆಂಗಳೂರಿನ ಖಾಸಗಿ ಶಾಲೆಯ ಫೀ ಆ್ಯಪ್‌ಗೆ ತಂದರೆ ನಡೆಯುವುದಿಲ್ಲ. ಯುಪಿಐಯಲ್ಲಿ ಮೂರನೇ ದಾರಿಯೂ ಇದೆ, ಪೆಂಡಿಂಗ್.

ಸ್ಟೋರಿ ಸುಲಭ: ‘ಪೋಷಕಿಯಾಗಿ ನನಗೆ ಮೊಬೈಲ್‌ನಲ್ಲೇ ಟರ್ಮ್ ಫೀ ಕಟ್ಟಬೇಕು, ಕೌಂಟರ್ ಮುಂದೆ ನಿಲ್ಲೋದು ತಪ್ಪಬೇಕು.’ ಅದರ ಕೆಳಗೆ ‘ಪೇಮೆಂಟ್ ಆದಮೇಲೆ ರಸೀದಿ ಬರಬೇಕು’ ಅಂತ ಒಂದೇ ಸಾಲು ಬರೆದು ಮುಗಿಸುವುದನ್ನು ನಮ್ಮ ಕಡೆ ಜಾಸ್ತಿ ನೋಡಿದ್ದೇನೆ. ಉಳಿದದ್ದು ಫೋನಿನಲ್ಲಿ. ‘ಅದು ಗೊತ್ತಿರೋದೇ ಅಲ್ವಾ ಸರ್?’ ಗೊತ್ತಿದೆ, ಆದರೆ ಟೆಸ್ಟ್ ಮಾಡುವವರಿಗೆ ಗೊತ್ತಿಲ್ಲ.

₹18,500 ಬಾಕಿ ಅಂತಿಟ್ಟುಕೊಳ್ಳಿ. ಖಾತೆಯಿಂದ ದುಡ್ಡು ಹೋಗಿದೆ, ಶಾಲೆಗೆ ಉತ್ತರ ಬಂದಿಲ್ಲ. ಆಪ್‌ನಲ್ಲಿ ಇನ್ನೂ ‘ಬಾಕಿ’ ಅಂತಲೇ ಕಂಡರೆ ತಾಯಿ ಗಾಬರಿಯಾಗಿ ಮತ್ತೊಮ್ಮೆ ಕಟ್ಟುತ್ತಾಳೆ. ಹಾಗಾಗಿ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಕೆಲಸ ಸರಿಯಾಗಿ ಮುಗಿದಿದೆ ಅನ್ನಲು ಪಾಲಿಸಬೇಕಾದ ಷರತ್ತುಗಳು, ಹೀಗಿರಬೇಕು: ಬ್ಯಾಂಕಿನ ಕೊನೆಯ ಉತ್ತರ ಬರದಿದ್ದಾಗ, ಆ ಕಂತಿನ ಮುಂದೆ ‘ಪರಿಶೀಲನೆಯಲ್ಲಿದೆ’ ಅಂತ ಕಾಣಬೇಕು, ಪೇ ಬಟನ್ ಮುಚ್ಚಿರಬೇಕು, ರಸೀದಿ ಹುಟ್ಟಬಾರದು. ಶಾಲೆಗೂ ಬ್ಯಾಂಕಿಗೂ ನಡುವೆ ಪೇಮೆಂಟ್ ಸಾಗಿಸುವ ಗೇಟ್‌ವೇಯನ್ನು ಆ್ಯಪ್ ತಾನಾಗಿಯೇ ಆಗಾಗ ಕೇಳುತ್ತಿರಬೇಕು. ಒಂದೇ ಪೇಮೆಂಟಿನ ಸಕ್ಸೆಸ್ ಮೆಸೇಜ್ ಎರಡು ಸಲ ಬಂದರೂ ರಸೀದಿ ಒಂದೇ ಇರಬೇಕು. ಉತ್ತರ ಬರಲೇ ಇಲ್ಲವಾದರೆ? ವ್ಯಾಪಾರಿಗೆ ಖಚಿತತೆ ತಲುಪದ ಯುಪಿಐ ಹಣ ವಹಿವಾಟಿನ ದಿನದಿಂದ ಐದು ದಿನದೊಳಗೆ ವಾಪಸಾಗಬೇಕೆಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ತೆರೆಯ ಮೇಲಿನ ಸೂಚನೆಯಲ್ಲಿ ಅದನ್ನೂ ಹೇಳಬೇಕು.

ಇನ್ನು ದಂಡ. ಕೊನೆಯ ದಿನ ಜೂನ್ 10, ಆಮೇಲೆ ದಿನಕ್ಕೆ ₹50. ರಾತ್ರಿ 11:55ಕ್ಕೆ ಕಟ್ಟಿದ್ದು, ಉತ್ತರ ಬಂದದ್ದು 12:20ಕ್ಕೆ. ದಂಡ ಇದೆಯೋ ಇಲ್ಲವೋ? ಪೇಮೆಂಟ್ ಶುರುವಾದ ಸಮಯವನ್ನೇ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನನ್ನ ವಾದ. ಆದರೆ ಪೆಂಡಿಂಗ್ ಆಗಿದ್ದ ಹಣ 14ಕ್ಕೆ ವಾಪಸ್ ಬಂದರೆ ಆ ನಾಲ್ಕು ದಿನದ ಗತಿ ಏನು? ಇದನ್ನು ಡೆವಲಪರ್ ತೀರ್ಮಾನಿಸಬಾರದು. ಶಾಲೆಯ ಅಕೌಂಟೆಂಟ್ ಮೇಡಂ ಹತ್ತಿರ ಉತ್ತರ ಇರುತ್ತದೆ. ಎಷ್ಟೋ ಸಲ ‘ಪಾಪ, ಬಿಟ್ಟುಬಿಡ್ತೀವಿ’ ಅನ್ನುವುದೇ ಅಲ್ಲಿನ ನಿಯಮ.

ಕೋಡ್ ಮುಟ್ಟುವ ಮೊದಲೇ ಒಂದೊಂದು ಸಾಲಿಗೂ ತಾರೀಖು, ಮೊತ್ತ ಹಾಕಿ ಉದಾಹರಣೆ ಬರೆಯುವ ಇಲ್ಲಿನ ನನ್ನ ತಂಡದ ಅಭ್ಯಾಸ ನನಗೆ ಇಷ್ಟ. ಆದರೆ ಆ ಉದಾಹರಣೆಗಳು ಸಿಗುವುದು ಮೇಡಂ ಮೇಜಿನ ಮೇಲಿನ ಲೆಡ್ಜರಿನಲ್ಲಿ. ದಂಡ ಮನ್ನಾ ಮಾಡುವ ಅಧಿಕಾರ ಆ್ಯಪ್‌ನಲ್ಲಿ ಯಾರಿಗೆ ಅಂತ ಅವರು ಹೇಳುವವರೆಗೂ ಈ ಸ್ಟೋರಿಯನ್ನು ಸ್ಪ್ರಿಂಟಿಗೆ, ಅಂದರೆ ತಂಡದ ಮುಂದಿನ ಕಂತಿನ ಕೆಲಸಕ್ಕೆ, ತೆಗೆದುಕೊಳ್ಳಬೇಡಿ.